ಹಳೆಯ ಕನ್ನಡ ಪತ್ರಗಳಲ್ಲಿ ಅಂಕಿ ಮತ್ತು ತಾರೀಖು: ಪ್ರತಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಯಪತ್ರ, ಜಮಾಖರ್ಚು ಪುಸ್ತಕ, ಖಾತೆಯ ನಕಲು, ಅಜ್ಜನ ಕಾಲದ ಕಾಗದಗಳು ಇವನ್ನು ಓದಿ ಕಂಪ್ಯೂಟರಿಗೆ ಏರಿಸುವವರಿಗೆ ಅಕ್ಷರಕ್ಕಿಂತ ಅಂಕಿಯೇ ಹೆಚ್ಚು ಕಾಟ ಕೊಡುತ್ತದೆ. ಒಂದು ಅಕ್ಷರ ಮಸುಕಾಗಿದ್ದರೆ ಅಕ್ಕಪಕ್ಕದ ಅಕ್ಷರಗಳು ಸೇರಿ ಪದವನ್ನು ಹೇಳಿಕೊಡುತ್ತವೆ. ಅಂಕಿಗೆ ಆ ಆಸರೆ ಇಲ್ಲ. ೬ನ್ನು ೯ ಎಂದು ಓದಿದರೂ ಸಾಲು ಸರಿಯಾಗಿಯೇ ಕಾಣುತ್ತದೆ. ಇಲ್ಲಿನ ಉತ್ತರಗಳು ಮುಖ್ಯವಾಗಿ 20ನೇ ಶತಮಾನದ ಮೊದಲ ಅರ್ಧದ ಕೈಬರಹದ ಪತ್ರಗಳಿಗೆ ಸಂಬಂಧಿಸಿದವು. ಮೂಲಪತ್ರದಲ್ಲಿರುವ ಅಂಕಿಯನ್ನು ಮೂಲದಲ್ಲಿದ್ದಂತೆ ೧, ೨ ಎಂದೂ, ನಮ್ಮ ಮಾತಿನ ಅಂಕಿಯನ್ನು 1, 2 ಎಂದೂ ಬರೆದಿದ್ದೇವೆ. ಎರಡನೆಯದಕ್ಕೆ ಅರೇಬಿಕ್ ಅಂಕಿ ಎಂಬ ಹೆಸರಿದ್ದರೂ ನಮ್ಮಲ್ಲಿ ಎಲ್ಲರೂ ಇಂಗ್ಲಿಷ್ ಅಂಕಿ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆದಿದ್ದೇವೆ.

## ಒಂದೇ ಪತ್ರದಲ್ಲಿ ಕನ್ನಡ ಅಂಕಿಯೂ ಇದೆ, ಇಂಗ್ಲಿಷ್ ಅಂಕಿಯೂ ಇದೆ. ಎಲ್ಲವನ್ನೂ ಒಂದೇ ಬಗೆಗೆ ತಂದರೆ ಓದಲು ಸುಲಭವಲ್ಲವೇ?

ಓದಲು ಸುಲಭವೇನೋ ಹೌದು, ಆದರೆ ತರಬೇಡಿ. ಯಾವ ಅಂಕಿಯನ್ನು ಯಾರು ಬರೆದರು ಎಂಬುದು ಆ ಬೆರಕೆಯಲ್ಲೇ ಅಡಗಿರುತ್ತದೆ. ಒಂದು ಕ್ರಯಪತ್ರವನ್ನು ಮುಂದಿಟ್ಟುಕೊಂಡು ನೋಡಿ. ಛಾಪಾ ಕಾಗದದ ಮೇಲೆ ಅಚ್ಚಾದ ಬೆಲೆ ಒಂದು ಬಗೆ. ಅದರ ಹಿಂಬದಿಯಲ್ಲಿ ಕಾಗದ ಮಾರಿದವನು ಹಾಕಿದ ಕ್ರಮಸಂಖ್ಯೆ ಮತ್ತು ತಾರೀಖು ಇನ್ನೊಂದು ಕೈಯದು. ಪತ್ರದ ಒಡಲನ್ನು ಬರೆದ ಬರಹಗಾರ ಕನ್ನಡ ಅಂಕಿ ಬಳಸಿರುತ್ತಾನೆ. ನೋಂದಣಿ ಕಚೇರಿಯ ಗುಮಾಸ್ತ ದಸ್ತಾವೇಜಿನ ಸಂಖ್ಯೆ, ಪುಟಸಂಖ್ಯೆಗಳನ್ನು ಇಂಗ್ಲಿಷ್ ಅಂಕಿಯಲ್ಲಿ ಹಾಕಿರುತ್ತಾನೆ. ಎಷ್ಟೋ ವರ್ಷಗಳ ನಂತರ ಮನೆಯವರು ಯಾರೋ ಸೀಸದಕಡ್ಡಿಯಲ್ಲಿ ಹೊಸ ಸರ್ವೆ ನಂಬರನ್ನು ಅಂಚಿನಲ್ಲಿ ಬರೆದಿಟ್ಟಿರುತ್ತಾರೆ. ಎಲ್ಲವನ್ನೂ 1, 2, 3 ಮಾಡಿಬಿಟ್ಟರೆ ಈ ಐದು ಕೈಗಳು ಒಂದಾಗಿ, ಅಂಚಿನ ಟಿಪ್ಪಣಿಯೂ ಪತ್ರದ ಭಾಗವೇ ಎಂಬಂತೆ ಕಾಣುತ್ತದೆ.

ಓದುಗರಿಗೂ ಲೆಕ್ಕಕ್ಕೂ ಒಂದೇ ಬಗೆಯ ಅಂಕಿ ಬೇಕು ಎನ್ನುವುದು ನ್ಯಾಯವೇ. ಅದಕ್ಕೆ ದಾರಿ ಎಂದರೆ ಎರಡು ಕಾಲಂ. ಮೊದಲನೆಯದರಲ್ಲಿ ಮೂಲದಲ್ಲಿ ಇದ್ದಂತೆ, ಎರಡನೆಯದರಲ್ಲಿ ನೀವು ಓದಿಕೊಂಡಂತೆ. ಮೊದಲ ಕಾಲಂ ಅನ್ನು ಮತ್ತೆ ಮೂಲಪತ್ರ ನೋಡದೆ ಯಾರೂ ಮುಟ್ಟಕೂಡದು. ಎರಡನೆಯದನ್ನು ಹೊಸ ಆಧಾರ ಸಿಕ್ಕಾಗಲೆಲ್ಲ ತಿದ್ದಬಹುದು. ಈ ಪುಟದ ಉಳಿದ ಉತ್ತರಗಳೆಲ್ಲ ಈ ಎರಡು ಕಾಲಂಗಳನ್ನು ನಂಬಿಕೊಂಡೇ ಇವೆ.

## ಯಾವ ಅಂಕಿಗಳು ಹೆಚ್ಚು ಮೋಸ ಮಾಡುತ್ತವೆ?

ಅಚ್ಚಿನಲ್ಲಿ ಯಾವುದೂ ಅಷ್ಟಾಗಿ ಮೋಸ ಮಾಡುವುದಿಲ್ಲ. ತೊಂದರೆ ಬರುವುದು ಕೈಬರಹದಲ್ಲಿ, ಅದರಲ್ಲೂ ಅವಸರದ ಕೈಯಲ್ಲಿ. ೨ ಮತ್ತು ೩ರ ನಡುವೆ ಇರುವುದು ಕೊನೆಯ ಬಾಲವೊಂದೇ. ಶಾಯಿ ಆ ಬಾಲದ ಹೊತ್ತಿಗೆ ಮುಗಿದಿದ್ದರೆ ೩ ಹೋಗಿ ೨ ಆಗುತ್ತದೆ. ೬ ಮತ್ತು ೯ನ್ನು ಬೇರೆ ಮಾಡುವುದೂ ಲೇಖನಿ ಎಲ್ಲಿ ಹೋಗಿ ನಿಂತಿತು ಎಂಬುದೇ. ೧ರ ಕೆಳಗಿನ ಬಾಯಿ ಶಾಯಿ ಹರಡಿ ಮುಚ್ಚಿಕೊಂಡರೆ ೦ ಆಗುತ್ತದೆ. ೪ ಮತ್ತು ೫ರದೂ ಇಂಥದೇ ಕಥೆ.

ಎರಡು ಬಗೆಯ ಅಂಕಿಗಳು ಬೆರೆತಿರುವ ಪತ್ರದಲ್ಲಿ ಇನ್ನೊಂದು ಜೋಡಿಯನ್ನು ಗಮನಿಸಬೇಕು: ಕನ್ನಡದ ೪ ಮತ್ತು ಇಂಗ್ಲಿಷಿನ 8. ೪ರ ಮೇಲಿನ ಎರಡು ಕೊಂಬುಗಳು ಒಂದನ್ನೊಂದು ಮುಟ್ಟಿದರೆ ಅದು 8ರಂತೆಯೇ ಕಾಣುತ್ತದೆ. ಪಕ್ಕದ ಅಂಕಿ ೧ ಅಥವಾ ೭ ಆಗಿದ್ದರೆ ಇದು ೪ ಎಂದು ಹೇಳಬಹುದು, ಏಕೆಂದರೆ ಒಬ್ಬ ಮನುಷ್ಯ ಒಂದೇ ಸಂಖ್ಯೆಯೊಳಗೆ ಬಗೆ ಬದಲಿಸುವುದು ಅಪರೂಪ. ಪಕ್ಕದಲ್ಲಿ ಸೊನ್ನೆ ಇದ್ದರೆ ಮಾತ್ರ ಏನೂ ಹೇಳಲಾಗದು. ಸೊನ್ನೆ ಎರಡು ಬಗೆಯಲ್ಲೂ ಒಂದೇ ರೂಪ.

## ಒಬ್ಬ ಬರಹಗಾರನ ಅಂಕಿಗಳನ್ನು ಖಚಿತವಾಗಿ ಗುರುತಿಸುವ ದಾರಿ ಇದೆಯೇ?

ಇದೆ. ಮೊದಲು ಆ ಕೈಬರಹದಲ್ಲಿ ಸಂಶಯವೇ ಇಲ್ಲದ ಅಂಕಿಗಳನ್ನು ಹುಡುಕಿ. ಜಮಾಖರ್ಚು ಪುಸ್ತಕವಾದರೆ ಪುಟಸಂಖ್ಯೆಗಳಿವೆ. ೫ರ ನಂತರದ ಪುಟದಲ್ಲಿರುವುದು ೬ ಆಗಿರಲೇಬೇಕು, ೮ರ ನಂತರದ್ದು ೯ ಆಗಿರಲೇಬೇಕು. ಮೊದಲ ಹತ್ತು ಪುಟಗಳಲ್ಲೇ ಆ ಮನುಷ್ಯನ ಹತ್ತೂ ಅಂಕಿಗಳು ಸಿಗುತ್ತವೆ. ಪುಟಸಂಖ್ಯೆಯನ್ನು ಬೇರೆಯವರು ಹಾಕಿದ್ದರೆ ಕ್ರಮಸಂಖ್ಯೆಯ ಕಾಲಂ ನೋಡಿ. ಅದೂ ಇಲ್ಲದ ಕ್ರಯಪತ್ರದಲ್ಲಿ ಹಣದ ಮೊತ್ತವಿದೆ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದು ರೂಢಿ: “ರೂ|| ೩೫೦-೦-೦, ಅಕ್ಷರದಲ್ಲಿ ಮುನ್ನೂರ ಐವತ್ತು ರೂಪಾಯಿಗಳು ಮಾತ್ರ”. ಇಲ್ಲಿಂದ ೩ ಮತ್ತು ೫ ಖಚಿತವಾಗಿ ಸಿಕ್ಕವು.

ಇವುಗಳ ಚಿತ್ರಗಳನ್ನು ಕತ್ತರಿಸಿ ಒಂದು ಹಾಳೆಯಲ್ಲಿ ಸಾಲಾಗಿ ಅಂಟಿಸಿಕೊಳ್ಳಿ, ಒಂದೊಂದು ಅಂಕಿಗೆ ಎರಡು ಮೂರು ಮಾದರಿಗಳಿರಲಿ. ಸಂಶಯ ಬಂದ ಅಂಕಿಯನ್ನು ಈ ಹಾಳೆಯ ಪಕ್ಕ ಇಟ್ಟು ನೋಡಿ. ನಿಮಗೆ ಗೊತ್ತಿರುವ ಅಚ್ಚಿನ ೬ರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಹೋಲಿಕೆ ಏನಿದ್ದರೂ ಅವನ ೬ರ ಜೊತೆಗೇ ಆಗಬೇಕು. ಬರಹಗಾರ ಬದಲಾದರೆ ಹಾಳೆಯೂ ಬದಲಾಗಬೇಕು.

## “೧೨-೯-೪೬” ಎಂದು ಓದಿದ್ದೇನೆ, ಆದರೆ ೯ ಆಗಲಿ ೬ ಆಗಲಿ ಖಚಿತವಿಲ್ಲ. ಏನು ಮಾಡಲಿ?

ಇದನ್ನು ಪೂರ್ತಿ ಬಿಡಿಸಿ ನೋಡೋಣ. ಹಳೆಯ ಮೈಸೂರು ಸೀಮೆಯ ಕ್ರಯಪತ್ರವೊಂದರಲ್ಲಿ ತಾರೀಖು ಹೀಗೆ ಇದೆ ಎಂದುಕೊಳ್ಳಿ. ಕಾಗದ ನೆನೆದು ಶಾಯಿ ಹರಡಿದೆ. ತಿಂಗಳು ೬ ಇರಬಹುದು, ೯ ಇರಬಹುದು. ವರ್ಷದ ಕೊನೆಯ ಅಂಕಿಯೂ ಹಾಗೆಯೇ. ಅಂದರೆ ನಾಲ್ಕು ಸಾಧ್ಯತೆಗಳಿವೆ. ಪತ್ರದಲ್ಲಿ ತಾರೀಖಿನ ಪಕ್ಕ “ಗುರುವಾರ” ಎಂದು ಬರೆದಿದೆ.

12-6-1946 ಬುಧವಾರ. 12-9-1946 ಗುರುವಾರ. 12-6-1949 ಭಾನುವಾರ. 12-9-1949 ಸೋಮವಾರ. ವಾರಕ್ಕೆ ಹೊಂದುವುದು ಎರಡನೆಯದೊಂದೇ. ಪಂಚಾಂಗ ಕೈಯಲ್ಲಿಲ್ಲದಿದ್ದರೆ ಪೈಥಾನ್‌ನಲ್ಲಿ ಇಷ್ಟು ಸಾಕು:

```python
from datetime import date
for y in (1946, 1949):
    for m in (6, 9):
        print(date(y, m, 12).strftime("%d-%m-%Y %A"))
```

ಒಂದೇ ಸಾಕ್ಷಿಯ ಮೇಲೆ ನಿಲ್ಲುವುದು ಬೇಡ. ಪತ್ರದ ಮೊದಲ ಸಾಲಿಗೆ ಹೋಗಿ. ಅಲ್ಲಿ “ವ್ಯಯ ನಾಮ ಸಂವತ್ಸರದ ಭಾದ್ರಪದ ಬಹುಳ” ಎಂದಿದ್ದರೆ ಎರಡು ಸಂಶಯಗಳೂ ಒಟ್ಟಿಗೆ ಪರಿಹಾರವಾಗುತ್ತವೆ. 1946ರ ಯುಗಾದಿಯಿಂದ 1947ರ ಯುಗಾದಿಯವರೆಗೆ ವ್ಯಯ. 1949ರ ಯುಗಾದಿಯಿಂದ ಶುರುವಾದದ್ದು ವಿರೋಧಿ. ಹಾಗಾಗಿ ವರ್ಷ ೪೬. ಜೂನ್ 12 ಆ ವರ್ಷ ಜ್ಯೇಷ್ಠ ಶುದ್ಧದಲ್ಲಿ ಬೀಳುತ್ತದೆ, ಸೆಪ್ಟೆಂಬರ್ 12 ಭಾದ್ರಪದ ಬಹುಳದಲ್ಲಿ. ಹಾಗಾಗಿ ತಿಂಗಳು ೯. ಕಾಗದದ ಹಿಂಬದಿಯನ್ನೂ ಮರೆಯಬೇಡಿ. ಛಾಪಾ ಕಾಗದ ಮಾರಿದ ತಾರೀಖು 10-9-46 ಎಂದು ಇಂಗ್ಲಿಷ್ ಅಂಕಿಯಲ್ಲಿ ಸ್ಪಷ್ಟವಾಗಿದ್ದರೆ, ಕಾಗದ ಕೊಳ್ಳುವ ಮೊದಲೇ ಅದರ ಮೇಲೆ ಪತ್ರ ಬರೆಯಲು ಬರುವುದಿಲ್ಲವಾದ್ದರಿಂದ ಜೂನ್ ತಾನಾಗಿಯೇ ಬಿದ್ದುಹೋಗುತ್ತದೆ. ಬೆರಕೆ ಅಂಕಿಯನ್ನು ಒಂದೇ ಬಗೆ ಮಾಡಬೇಡಿ ಎಂದದ್ದು ಇದಕ್ಕೇ: ಈ ಸಾಕ್ಷಿಗೆ ಬೆಲೆ ಬಂದದ್ದು ಅದು ಬೇರೆಯವನ ಕೈಯಿಂದ ಬಂದದ್ದರಿಂದ.

ಇನ್ನು ಎಷ್ಟೋ ಕ್ರಯಪತ್ರಗಳು “ಸನ್ ಸಾವಿರದ ಒಂಬೈನೂರ ನಲವತ್ತಾರನೇ ಇಸವಿ ಸೆಪ್ಟೆಂಬರ್ ಮಾಹೆ ಹನ್ನೆರಡನೇ ತಾರೀಖು” ಎಂದು ಒಡಲಿನಲ್ಲಿ ಅಕ್ಷರದಲ್ಲೇ ಹೇಳಿಬಿಟ್ಟಿರುತ್ತವೆ. ಲೆಕ್ಕಾಚಾರಕ್ಕೆ ಇಳಿಯುವ ಮುನ್ನ ಪತ್ರವನ್ನು ಕೊನೆಯವರೆಗೆ ಓದಿ.

## ವಾರ ನೋಡಿದರೆ ಯಾವಾಗಲೂ ತೀರ್ಮಾನವಾಗುತ್ತದೆಯೇ?

ಇಲ್ಲ. ಏಪ್ರಿಲ್ ಮತ್ತು ಜುಲೈ ತಿಂಗಳ ಒಂದೇ ತಾರೀಖು ಪ್ರತಿ ವರ್ಷವೂ ಒಂದೇ ವಾರಕ್ಕೆ ಬರುತ್ತದೆ, ನಡುವೆ ಸರಿಯಾಗಿ 91 ದಿನ ಇರುವುದರಿಂದ. ಆದ್ದರಿಂದ ತಿಂಗಳು ೪ ಅಥವಾ ೭ ಎಂಬ ಸಂಶಯವನ್ನು ವಾರ ಬಿಡಿಸಲಾರದು. ಸೆಪ್ಟೆಂಬರ್ ಮತ್ತು ಡಿಸೆಂಬರ್ ಕೂಡ ಹಾಗೆಯೇ. ದಿನದ ಅಂಕಿ ೨ ಅಥವಾ ೯ ಎಂದಾದರೂ ವಾರದಿಂದ ಉಪಯೋಗವಿಲ್ಲ, ಏಳು ದಿನದ ಅಂತರ. ವರ್ಷದಲ್ಲೂ ಇಂಥ ಜೋಡಿಗಳಿವೆ: 1946 ಮತ್ತು 1957ರ ಕ್ಯಾಲೆಂಡರು ಒಂದೇ. ಆಗ ಸಂವತ್ಸರ, ಪಕ್ಷ, ಛಾಪಾ ಕಾಗದದ ತಾರೀಖು ಇವುಗಳ ಮೊರೆ ಹೋಗಬೇಕು.

ಬರೆದವನೇ ವಾರವನ್ನು ತಪ್ಪಾಗಿ ಬರೆದಿರಲೂಬಹುದು. ನಾಲ್ಕು ಸಾಧ್ಯತೆಗಳಲ್ಲಿ ಒಂದೂ ಹೊಂದದಿದ್ದರೆ ಐದನೆಯದನ್ನು ಹುಟ್ಟಿಸಬೇಡಿ. ಹೊಂದುತ್ತಿಲ್ಲ ಎಂದಷ್ಟೇ ಬರೆದಿಡಿ.

## 3-4-47 ಎಂದರೆ ಏಪ್ರಿಲ್ 3 ಅಥವಾ ಮಾರ್ಚ್ 4?

ಕರ್ನಾಟಕದ ಪತ್ರಗಳಲ್ಲಿ ಏಪ್ರಿಲ್ 3. ದಿನ ಮೊದಲು, ಆಮೇಲೆ ತಿಂಗಳು. ಅಮೆರಿಕದಿಂದ ಬಂದ ಕಾಗದವೋ, ಅಲ್ಲಿನ ಕಚೇರಿಯ ರಸೀದಿಯೋ ಕಟ್ಟಿನಲ್ಲಿ ಸೇರಿಕೊಂಡಿದ್ದರೆ ಮಾತ್ರ ತಿಂಗಳು ಮೊದಲು ಬಂದಿರಬಹುದು. ಅದೇ ಬರಹಗಾರನ ಬೇರೆ ತಾರೀಖುಗಳಲ್ಲಿ 12ಕ್ಕಿಂತ ದೊಡ್ಡ ಸಂಖ್ಯೆ ಯಾವ ಸ್ಥಾನದಲ್ಲಿ ಬಂದಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

## ವರ್ಷ ೧೮೬೮ ಎಂದಿದೆ, ಆದರೆ ಕಾಗದ ಅಷ್ಟು ಹಳೆಯದಾಗಿ ಕಾಣುವುದಿಲ್ಲ.

ಅದು ಶಾಲಿವಾಹನ ಶಕ ಇರಬೇಕು. 78 ಕೂಡಿಸಿ: 1946. ಜನವರಿಯಿಂದ ಯುಗಾದಿಯವರೆಗಿನ ತಾರೀಖಾದರೆ 79 ಕೂಡಿಸಬೇಕು, ಏಕೆಂದರೆ ಇಸವಿ ಬದಲಾಗಿರುತ್ತದೆ, ಶಕ ಬದಲಾಗಿರುವುದಿಲ್ಲ. ಶಕ ಎಂಬ ಪದ ಹರಿದುಹೋಗಿದ್ದರೂ ಸಂವತ್ಸರದ ಹೆಸರು ಉಳಿದಿದ್ದರೆ ಪರೀಕ್ಷೆ ಸುಲಭ. ಅರವತ್ತು ವರ್ಷಕ್ಕೊಮ್ಮೆ ಮಾತ್ರ ಅದೇ ಹೆಸರು ಬರುತ್ತದೆ. ವ್ಯಯ 1886, 1946, 2006ರಲ್ಲಿ ಬಂದಿದೆ, 1868ರಲ್ಲಿ ಬರುವುದಿಲ್ಲ.

ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷವೂ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ. ಆದರೆ ಅದು ಯಾವಾಗ ಶುರುವಾಗುತ್ತದೆ ಎಂಬುದು ಊರಿನ ಮೇಲೆ ಹೋಗುತ್ತದೆ. ಮದರಾಸು ಆಡಳಿತದಲ್ಲಿದ್ದ ಬಳ್ಳಾರಿ, ದಕ್ಷಿಣ ಕನ್ನಡಗಳಲ್ಲಿ ಜುಲೈ 1ಕ್ಕೆ. ನಿಜಾಮರ ಹೈದರಾಬಾದಿಗೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿ. ಮೇಲಿನ ಕ್ರಯಪತ್ರದ ದಿನ, ಅಂದರೆ 1946ರ ಸೆಪ್ಟೆಂಬರ್ 12ರಂದು, ಬಳ್ಳಾರಿಯಲ್ಲಿ ಫಸಲಿ 1356 ನಡೆಯುತ್ತಿತ್ತು, ರಾಯಚೂರಿನಲ್ಲಿ ಇನ್ನೂ 1355. ಎರಡು ಜಿಲ್ಲೆಗಳ ಕಾಗದಗಳನ್ನು ಒಂದೇ ಪಟ್ಟಿಗೆ ಸೇರಿಸುವಾಗ ಇದನ್ನು ಮರೆತರೆ ಒಂದು ವರ್ಷವೇ ಆಚೀಚೆಯಾಗುತ್ತದೆ.

ಮೊದಲ ಕಾಲಂನಲ್ಲಿ ಶಕವನ್ನು ಶಕವಾಗಿ, ಫಸಲಿಯನ್ನು ಫಸಲಿಯಾಗಿಯೇ ಬಿಡಿ. ಇಸವಿ ಬರೆಯುವುದು ಎರಡನೆಯದರಲ್ಲಿ.

## “೧೦-೮-೬” ತಾರೀಖೇ ಅಲ್ಲವೇ?

ಅಲ್ಲದೆಯೂ ಇರಬಹುದು. ಜಮಾಖರ್ಚಿನ ಬಲಗಡೆಯ ಕಾಲಂನಲ್ಲಿದ್ದರೆ ಅದು ಹತ್ತು ರೂಪಾಯಿ ಎಂಟಾಣೆ ಆರು ಪೈ. ಆಗ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೂ ಹಳಬರು ಕೆಲವು ಕಾಲ ಆಣೆಯಲ್ಲೇ ಲೆಕ್ಕ ಇಟ್ಟರು. ಜಮೀನಿನ ವಿಸ್ತೀರ್ಣವೂ ಇದೇ ವೇಷದಲ್ಲಿ ಬರುತ್ತದೆ: “೨-೨೦” ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ದಶಮಾಂಶವೆಂದು ತಿಳಿದು 2.20 ಎಂದು ಬರೆಯುವವರಿದ್ದಾರೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ.

ಈ ಅಳತೆಗಳಲ್ಲಿ ಒಂದು ಉಪಕಾರವಿದೆ. ಆಣೆಯ ಸ್ಥಾನದಲ್ಲಿ 15ಕ್ಕಿಂತ ಹೆಚ್ಚು ಬರುವುದಿಲ್ಲ, ಪೈಯ ಸ್ಥಾನದಲ್ಲಿ 11ಕ್ಕಿಂತ ಹೆಚ್ಚು ಬರುವುದಿಲ್ಲ, ಗುಂಟೆ 39ಕ್ಕೆ ನಿಲ್ಲುತ್ತದೆ. ಆಣೆಯ ಜಾಗದಲ್ಲಿ ನೀವು ೧೬ ಅಥವಾ ೧೯ ಎಂದು ಓದಿದ್ದರೆ ಎಲ್ಲೋ ಎಡವಿದ್ದೀರಿ.

ಮೊತ್ತವೂ ಸಾಕ್ಷಿ ಹೇಳುತ್ತದೆ. ಒಂದು ಪುಟದಲ್ಲಿ ಈ ಮೂರು ಬಾಬುಗಳಿವೆ ಎಂದುಕೊಳ್ಳಿ: ೪-೮-೦, ೨-೧೨-೦, ೧-೬-೬. ಕೆಳಗೆ ಮೊತ್ತ ೮-೧೦-೬. ಎರಡನೆಯ ಬಾಬಿನ ಮೊದಲ ಅಂಕಿ ೨ ಅಥವಾ ೩ ಎಂದು ಸಂಶಯ, ಮೊದಲ ಬಾಬಿನದು ೪ ಅಥವಾ 8 ಎಂದು ಸಂಶಯ. ಪೈಯಿಂದ ಶುರುಮಾಡಿ: 6. ಆಣೆ 8, 12, 6 ಸೇರಿ 26, ಅಂದರೆ ಒಂದು ರೂಪಾಯಿ ಹತ್ತಾಣೆ. ಹತ್ತು ಆಣೆ ಮೊತ್ತಕ್ಕೆ ಹೊಂದಿತು. ಕೈಗೆ ಬಂದ 1 ರೂಪಾಯಿ ಮತ್ತು ಕೊನೆಯ ಬಾಬಿನ 1 ಸೇರಿ 2. ಮೊತ್ತದ 8ಕ್ಕೆ ಇನ್ನು 6 ಬೇಕು. 4 ಮತ್ತು 2 ಸೇರಿದರೆ ಮಾತ್ರ 6. ಎರಡು ಸಂಶಯಗಳೂ ಹೋದವು. ಆದರೆ ಮೊತ್ತ ಮುಂದಿನ ಪುಟಕ್ಕೆ ಹೋಗಿದೆಯೇ, ಅಲ್ಲಿ “ಹಿಂದಿನ ಪುಟದ ಮೊತ್ತ” ಎಂದು ಅದೇ ಸಂಖ್ಯೆ ಇದೆಯೇ ಎಂದೂ ನೋಡಿ. ಕೂಡುವಾಗ ತಪ್ಪಿದ ಲೆಕ್ಕಗಳೂ ಇರುತ್ತವೆ. ಮೊತ್ತ ಹೊಂದಲಿ ಎಂದು ಸ್ಪಷ್ಟವಾಗಿರುವ ಬಾಬನ್ನು ಬದಲಿಸುವುದು ಮಾತ್ರ ಸಲ್ಲದು.

## “೩||” ಎಂದಿದೆ. ಇದು ೩೧೧ ಆಗುತ್ತದೆಯೇ?

ಆಗದು. ಮೂರೂವರೆ. ಹಳೆಯ ಲೆಕ್ಕದಲ್ಲಿ ಸಂಖ್ಯೆಯ ನಂತರ ಒಂದು ಗೆರೆ ಎಂದರೆ ಕಾಲು, ಎರಡು ಗೆರೆ ಅರ್ಧ, ಮೂರು ಗೆರೆ ಮುಕ್ಕಾಲು. ಕನ್ನಡ ಅಂಕಿಗಳ ಜೊತೆ ಇವು ಬಂದಾಗ ಗೊಂದಲವಿಲ್ಲ. ಕನ್ನಡದ ೧ ಗೆರೆಯಲ್ಲವಲ್ಲ. ಇಂಗ್ಲಿಷ್ ಅಂಕಿ ಬಳಸಿದ ಗುಮಾಸ್ತನ ಸಾಲಿನಲ್ಲಿ “3||” ಬಂದರೆ ಕಣ್ಣು 311 ಎಂದೇ ಓದುತ್ತದೆ. ಗೆರೆಗಳು ಅಂಕಿಗಿಂತ ಗಿಡ್ಡವೇ, ಉದ್ದವೇ, ವಾಲಿವೆಯೇ ಎಂದು ಅದೇ ಕೈಯ ನಿಜವಾದ 1ರ ಜೊತೆ ಹೋಲಿಸಿ.

ಇದೇ ಎರಡು ಗೆರೆ ಸಂಕ್ಷೇಪಕ್ಕೂ ಬರುತ್ತದೆ: ತಾ||, ರೂ||, ಮ|| ರಾ||. “ತಾ||೫” ಎಂದರೆ ತಾರೀಖು 5. ಯಾರೋ ಟೈಪ್ ಮಾಡುವಾಗ ಅದು “ತಾ 115” ಆಗಿ, ತಿಂಗಳಿಗೆ 115 ದಿನವಿರುವ ಪಟ್ಟಿಯೊಂದು ತಯಾರಾಗುವುದು ಕಷ್ಟವೇನಲ್ಲ. ಗೆರೆ ಅಕ್ಷರದ ನಂತರ ಬಂದರೆ ಸಂಕ್ಷೇಪ, ಅಂಕಿಯ ನಂತರ ಬಂದರೆ ಭಿನ್ನರಾಶಿ ಎಂಬುದು ಬಹುಪಾಲು ನಡೆಯುವ ಸೂತ್ರ.

ಯೂನಿಕೋಡಿನಲ್ಲಿ ಕಾಲು, ಅರ್ಧ, ಮುಕ್ಕಾಲಿನ ಈ ಗುರುತುಗಳಿಗೆ U+A830, U+A831, U+A832 ಎಂಬ ಸ್ಥಾನಗಳಿವೆ. ಎಲ್ಲ ಫಾಂಟುಗಳಲ್ಲಿ ಅವು ಕಾಣುವುದಿಲ್ಲ. ಹಾಗಾಗಿ ಮೊದಲ ಕಾಲಂನಲ್ಲಿ ನೆಟ್ಟಗಿನ ಗೆರೆಯನ್ನೇ ಹಾಕಿ, ಎರಡನೆಯದರಲ್ಲಿ 3.5 ಎಂದು ಬರೆಯುವುದು ಹೆಚ್ಚು ಬಾಳಿಕೆಯ ದಾರಿ.

## ಟೈಪ್ ಮಾಡಿದ ಮೇಲೆ ಹುಡುಕಿದರೆ “ಬೆಂಗಳೂರು” ಸಿಗುವುದಿಲ್ಲ. ಕಣ್ಣಿಗೆ ಕಾಣುತ್ತಿದೆಯಲ್ಲ?

ಕಾಣುತ್ತಿರುವುದು “ಬೆ೦ಗಳೂರು” ಇರಬೇಕು. ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಳಿತಿದೆ. ಅನುಸ್ವಾರ U+0C82, ಕನ್ನಡದ ಸೊನ್ನೆ U+0CE6. ರೂಪ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇದರ ಸೋದರ ಇನ್ನೊಂದಿದೆ: “ಕನಾ೯ಟಕ”. ಅರ್ಕಾವತ್ತು ಹೇಗೆ ಒತ್ತಬೇಕೆಂದು ತಿಳಿಯದವರು ಅದರಂತೆಯೇ ಕಾಣುವ ೯ನ್ನು ಹಾಕಿಬಿಡುತ್ತಾರೆ. ಅಂಗಡಿಗಳ ಫಲಕದಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ಇದು ಎಲ್ಲೆಡೆ ಇದೆ. ಫಲಕದಲ್ಲಿ ಅದರಿಂದ ನಷ್ಟವಿಲ್ಲ, ಆದರೆ ಪ್ರತಿ ಮಾಡಿದ ಕಡತದಲ್ಲಿ “ವಷ೯ ೯” ಎಂದು ಬಂದರೆ ಹುಡುಕಾಟವೂ ಕೆಡುತ್ತದೆ, ಅಂಕಿಗಳನ್ನು ಎಣಿಸುವ ಪ್ರೋಗ್ರಾಮೂ ಕೆಡುತ್ತದೆ.

ತಿರುಗುಮುರುಗೂ ಆಗುತ್ತದೆ. ೧೦ ಎಂಬಲ್ಲಿ ಸೊನ್ನೆಯ ಬದಲು ಅನುಸ್ವಾರ ಒತ್ತಿದರೆ ಕೆಲವು ತಂತ್ರಾಂಶಗಳಲ್ಲಿ ಚುಕ್ಕಿಗಳ ವೃತ್ತವೊಂದು ಕಾಣಿಸಿಕೊಂಡು ಸುಳಿವು ಕೊಡುತ್ತದೆ, ಕೆಲವದರಲ್ಲಿ ಏನೂ ಗೊತ್ತಾಗುವುದಿಲ್ಲ. ಇನ್ನೂ ಸೂಕ್ಷ್ಮವಾದದ್ದು ೧0. ಮೊದಲನೆಯದು ಕನ್ನಡದ ಒಂದು, ಎರಡನೆಯದು ಇಂಗ್ಲಿಷಿನ ಸೊನ್ನೆ. ಇದು ಮೂಲಪತ್ರದ ಬೆರಕೆಯಲ್ಲ, ಕೀಲಿಮಣೆ ಬದಲಿಸಲು ಮರೆತ ಬೆರಳಿನ ಬೆರಕೆ. ಈ ಮೂರನ್ನೂ ಕಣ್ಣಿನಿಂದ ಹಿಡಿಯಲು ಹೋಗದೆ ಹೀಗೆ ಹುಡುಕಿ:

```python
import re
text = open("patra.txt", encoding="utf-8").read()
checks = {
    "mixed":  r"[0-9][\u0CE6-\u0CEF]|[\u0CE6-\u0CEF][0-9]",
    "letter": r"[\u0C85-\u0CCD][\u0CE6\u0CEF]",
    "bindu":  r"[0-9\u0CE6-\u0CEF]\u0C82",
}
for name, p in checks.items():
    for m in re.finditer(p, text):
        print(name, text[max(0, m.start()-8):m.end()+8])
```

`mixed` ಎಂಬುದು ಒಂದೇ ಸಂಖ್ಯೆಯೊಳಗಿನ ಬೆರಕೆಯನ್ನು, `letter` ಅಕ್ಷರಕ್ಕೆ ಅಂಟಿದ ೦ ಮತ್ತು ೯ನ್ನು, `bindu` ಅಂಕಿಗೆ ಅಂಟಿದ ಅನುಸ್ವಾರವನ್ನು ತೋರಿಸುತ್ತದೆ. ತೋರಿಸುವುದಷ್ಟೇ, ತಿದ್ದುವುದಿಲ್ಲ. “ಪುಟ೯” ಎಂದು ಜಾಗ ಬಿಡದೆ ಬರೆದದ್ದೂ ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ನೋಡಿ ಬಿಡಬೇಕಾದವರು ನೀವು. ಬೆರಳಿನ ತಪ್ಪನ್ನು ಮೊದಲ ಕಾಲಂನಲ್ಲೇ ತಿದ್ದಿ, ಅದಕ್ಕೂ ಮೂಲಪತ್ರಕ್ಕೂ ಸಂಬಂಧವಿಲ್ಲ.

## ಕನ್ನಡ ಅಂಕಿಗಳನ್ನು ಕಂಪ್ಯೂಟರು ಸಂಖ್ಯೆ ಎಂದು ತಿಳಿಯುತ್ತದೆಯೇ?

ಒಂದೊಂದು ಒಂದೊಂದು ರೀತಿ. ಪೈಥಾನ್‌ನಲ್ಲಿ `int("೧೨")` ಎಂದರೆ 12 ಬರುತ್ತದೆ. `int("1೨")` ಎಂದರೂ 12 ಬರುತ್ತದೆ, ಬೆರಕೆಯ ಬಗ್ಗೆ ಚಕಾರವೆತ್ತುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ `Number("೧೨")` ಕೊಡುವುದು `NaN`. ಅಂದರೆ ಒಂದು ಪ್ರೋಗ್ರಾಮಿನಲ್ಲಿ ಸರಿಯಾಗಿ ಕೂಡಿದ ಲೆಕ್ಕ ಇನ್ನೊಂದರಲ್ಲಿ ಖಾಲಿಯಾಗಬಹುದು. ಲೆಕ್ಕಕ್ಕೆ ಎರಡನೆಯ ಕಾಲಂ ಇರುವುದು ಇದಕ್ಕೂ ಹೌದು: ಅಲ್ಲಿ 0ಯಿಂದ 9 ಮಾತ್ರ ಇರಲಿ.

## ಎಕ್ಸೆಲ್‌ನಲ್ಲಿ ಹಾಕಿದರೆ ಸರ್ವೆ ನಂಬರುಗಳು ತಾರೀಖಾಗಿ ಬದಲಾಗುತ್ತವೆ.

ಹೌದು, 12/3 ಎಂದು ಒತ್ತಿ ಎಂಟರ್ ಒತ್ತಿದ ಕೂಡಲೇ ಅದು ತಾರೀಖಾಗುತ್ತದೆ. ಮತ್ತೆ ಸಂಖ್ಯೆಗೆ ತಿರುಗಿಸಿದರೆ ಐದಂಕಿಯ ಬೇರೆಯೇ ಸಂಖ್ಯೆ ಬರುತ್ತದೆ, ನಿಮ್ಮ ಸರ್ವೆ ನಂಬರ್ ಬರುವುದಿಲ್ಲ. ಎಕರೆ-ಗುಂಟೆಯ 2-20 ಕೂಡ ಇದೇ ಗತಿ ಕಾಣುತ್ತದೆ. ಒಂದಂಕಿ ಒತ್ತುವ ಮೊದಲೇ ಕಾಲಂ ಅನ್ನು Text ಎಂದು ಗೊತ್ತುಮಾಡಬೇಕು. ಹಾಕಿದ ಮೇಲೆ ಬದಲಿಸಿದರೆ ಹೋದದ್ದು ಹಿಂತಿರುಗುವುದಿಲ್ಲ.

ಎರಡಂಕಿಯ ವರ್ಷ ಇನ್ನೂ ಅಪಾಯಕಾರಿ. ಎಕ್ಸೆಲ್ ಬಹಳ ಕಾಲ 00ಯಿಂದ 29ರವರೆಗಿನ ವರ್ಷವನ್ನು ಎರಡು ಸಾವಿರದ ಲೆಕ್ಕಕ್ಕೆ ಹಾಕುತ್ತಿತ್ತು. ಹಾಗಾಗಿ 12-9-28 ಎಂಬ ಪತ್ರ 2028ರಲ್ಲಿ ಬರೆದದ್ದಾಗುತ್ತದೆ. 1900ಕ್ಕಿಂತ ಹಿಂದಿನ ತಾರೀಖನ್ನು ಅದು ತಾರೀಖೆಂದೇ ಒಪ್ಪುವುದಿಲ್ಲ. ಎರಡನೆಯ ಕಾಲಂನಲ್ಲಿ 1946-09-12 ಎಂದು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಪಠ್ಯವಾಗಿಯೇ ಬರೆಯಿರಿ. ಅಕಾರಾದಿಯಲ್ಲಿ ಜೋಡಿಸಿದರೂ ಕಾಲಾನುಕ್ರಮವೇ ಸಿಗುತ್ತದೆ.

## ಎಲ್ಲ ನೋಡಿದ ಮೇಲೂ ಸಂಶಯ ಉಳಿದರೆ ಹೇಗೆ ಗುರುತಿಸುವುದು?

ಸಂಶಯದಲ್ಲಿ ಎರಡು ಬಗೆ. ಅಂಕಿ ಇದೆ, ಒಂದು ಓದು ಹೆಚ್ಚು ಸರಿ ಎನಿಸುತ್ತದೆ, ಆದರೆ ಪ್ರಮಾಣ ಮಾಡಿ ಹೇಳಲಾರಿರಿ: ಆಗ ೧೨-[೯?]-೪೬. ಎರಡು ಓದುಗಳೂ ಸಮವಾಗಿವೆ: ಆಗ ೧೨-[೬/೯]-೪೬. ಅಂಕಿಯೇ ಹುಳು ತಿಂದು ಹೋಗಿದ್ದರೆ ೧೨-[..]-೪೬, ಎಷ್ಟು ಅಂಕಿ ಹೋಗಿರಬಹುದೋ ಅಷ್ಟು ಚುಕ್ಕಿ. ಸಂಶಯವಿರುವ ಅಂಕಿಗಷ್ಟೇ ಆವರಣ ಹಾಕಿ. ಇಡೀ ತಾರೀಖಿನ ಮುಂದೆ ಒಂದು ಪ್ರಶ್ನಾರ್ಥಕ ಹಾಕಿ ಬಿಟ್ಟರೆ ಯಾವುದು ಗಟ್ಟಿ, ಯಾವುದು ಸಡಿಲು ಎಂದು ಮುಂದಿನವರಿಗೆ ತಿಳಿಯುವುದಿಲ್ಲ.

ಗ್ರಂಥಾಲಯಗಳು ಬಳಸುವ ಟಿಇಐ ಪದ್ಧತಿಯಲ್ಲಿ ಮಾಡುವುದಾದರೆ ಎರಡು ಕಾಲಂಗಳೂ ಒಂದೇ ಸಾಲಿನಲ್ಲಿ ಕೂರುತ್ತವೆ:

```xml
<date when="1946-09-12">೧೨-<unclear>೯</unclear>-೪೬</date>
```

ಒಳಗಿರುವುದು ಕಂಡದ್ದು, `when` ಎಂಬಲ್ಲಿರುವುದು ತೀರ್ಮಾನ. ತೀರ್ಮಾನ ಹೇಗೆ ಬಂತು ಎಂಬುದಕ್ಕೆ ಒಂದು ಸಾಲಿನ ಟಿಪ್ಪಣಿ ಸಾಕು: “ಗುರುವಾರ, ಭಾದ್ರಪದ ಬಹುಳ, ಛಾಪಾ ಕಾಗದ 10-9-46”.

## ಪತ್ರದಲ್ಲಿ ಅಂಕಿ ಒಂದು ಹೇಳುತ್ತದೆ, ಅಕ್ಷರ ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬುವುದು?

ಎರಡನ್ನೂ ಇದ್ದಂತೆ ಬರೆಯಿರಿ. ಎರಡನೆಯ ಕಾಲಂನಲ್ಲಿ ಅಕ್ಷರದ್ದನ್ನು ಆರಿಸಿಕೊಳ್ಳಬಹುದು, ಏಕೆಂದರೆ ಕೈ ಜಾರಿ ೩೫೦ನ್ನು ೨೫೦ ಎಂದು ಬರೆಯುವುದು ಸುಲಭ, “ಮುನ್ನೂರ” ಎಂಬುದನ್ನು “ಇನ್ನೂರ” ಎಂದು ಬರೆಯುವುದು ಅಷ್ಟು ಸುಲಭವಲ್ಲ. ಆದರೆ ಆಸ್ತಿಯ ವ್ಯಾಜ್ಯ ನಡೆಯುತ್ತಿರುವ ಪತ್ರವಾದರೆ ಆ ಆಯ್ಕೆಯನ್ನೂ ಮಾಡಬೇಡಿ. ವ್ಯತ್ಯಾಸವಿದೆ ಎಂದು ಬರೆದು ವಕೀಲರಿಗೆ ಮೂಲಪತ್ರದ ಚಿತ್ರವನ್ನು ಕೊಡಿ.

## ಮುಗಿದ ಪ್ರತಿಯನ್ನು ತಾಳೆ ನೋಡುವುದು ಹೇಗೆ?

ಇಬ್ಬರು ಕುಳಿತು. ಒಬ್ಬರು ಮೂಲಪತ್ರ ನೋಡಿ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಲಿ, “ಒಂದು ಎರಡು ಅಡ್ಡಗೆರೆ ಒಂಬತ್ತು” ಎಂಬಂತೆ. ಇನ್ನೊಬ್ಬರು ಪ್ರತಿಯಲ್ಲಿ ಗುರುತು ಹಾಕಲಿ. “ಹನ್ನೆರಡು ಸೆಪ್ಟೆಂಬರ್” ಎಂದು ಓದಬಾರದು, ಹಾಗೆ ಓದಿದರೆ ಓದುವವರ ತೀರ್ಮಾನವೇ ತಾಳೆಗೆ ಬರುತ್ತದೆ. ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ ಎಂಬುದನ್ನೂ ಬದಲಾದ ಕಡೆಯಲ್ಲಿ ಹೇಳಬೇಕು. ಟೈಪ್ ಮಾಡಿದವರು ಮೂಲಪತ್ರ ಓದುವ ಕಡೆ ಕೂರದಿರುವುದು ಒಳ್ಳೆಯದು. ಒಮ್ಮೆ ೬ ಎಂದು ಕಂಡ ಕಣ್ಣಿಗೆ ಎರಡನೆಯ ಸಲವೂ ಅದು ೬ ಆಗಿಯೇ ಕಾಣುತ್ತದೆ.